ಅಮ್ಮಂದಿರ ಪ್ರಶ್ನೆಗೆ ಉತ್ತರ ಕೊಡುವ ಕರಪತ್ರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ದಿನಪತ್ರಿಕೆಯ ಮಡಿಕೆಯಿಂದ ಪ್ಲೇಸ್ಕೂಲುಗಳ ಬಣ್ಣಬಣ್ಣದ ಕರಪತ್ರಗಳು ಉದುರತೊಡಗುತ್ತವೆ. 'ಸುರಕ್ಷಿತ ವಾತಾವರಣ, ನುರಿತ ಶಿಕ್ಷಕಿಯರು, ಆಟದೊಂದಿಗೆ ಪಾಠ' ಎಂಬ ಮಾತು ಎಲ್ಲದರಲ್ಲೂ ಇರುತ್ತದೆ. ಮೂರು ವರ್ಷದ ಮಗುವನ್ನು ಮೊದಲ ಸಲ ಮನೆಯಿಂದಾಚೆ ಬಿಡಲಿರುವ ತಾಯಿಗೆ ಬೇಕಾದ ಉತ್ತರ ಇದರಲ್ಲಿಲ್ಲ. ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ? ಚಡ್ಡಿ ಒದ್ದೆಯಾದರೆ?

ಆದ್ದರಿಂದ ತಿದ್ದುವ ಕೆಲಸ ದಿನಚರಿಯಿಂದಲೇ ಶುರುವಾಗಬೇಕು. 'ಮೋಜಿನ ಚಟುವಟಿಕೆಗಳು' ಎಂಬುದನ್ನು ಹೊಡೆದುಹಾಕಿ ಹೀಗೆ ಬರೆಯಬಹುದು: 'ಒಂಬತ್ತೂವರೆಗೆ ಬಾಗಿಲಲ್ಲೇ ಟೀಚರ್ ಮಗುವನ್ನು ಕರೆದುಕೊಳ್ಳುತ್ತಾರೆ. ಹತ್ತೂವರೆಗೆ ಕೈ ತೊಳೆಸಿ, ಮನೆಯಿಂದ ತಂದ ತಿಂಡಿ. ತಿಂಡಿಗೆ ಮೊದಲು, ನಂತರ, ಮಗು ಕೇಳಿದಾಗಲೆಲ್ಲ ಆಯಾ ಬಾತ್‌ರೂಮಿಗೆ ಕರೆದೊಯ್ಯುತ್ತಾರೆ. ಮೊದಲ ವಾರ ಮಕ್ಕಳು ಅಳುವುದು ಸಹಜ. ಆ ವಾರ ಒಂದೇ ಗಂಟೆ ಬಿಟ್ಟರೆ ಸಾಕು.' ಅಳುವಿನ ಮಾತನ್ನು ಮುಚ್ಚಿಡದ ಶಾಲೆಯನ್ನು ಪೋಷಕರು ಬೇಗ ನಂಬುತ್ತಾರೆ. ಏಕೆಂದರೆ ಅವರ ಮನಸ್ಸಿನಲ್ಲಿ ಮೊದಲು ಮೂಡುವ ಚಿತ್ರವೇ ಅದು.

ಸುರಕ್ಷತೆಯ ವಿಷಯದಲ್ಲಿ ಪೋಷಕರು ಬಂದು ಕಣ್ಣಾರೆ ನೋಡಬಹುದಾದುದನ್ನಷ್ಟೇ ಬರೆಯುವುದು ಒಳ್ಳೆಯದು. ಖಾಸಗಿ ಪ್ಲೇಸ್ಕೂಲುಗಳಿಗೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕೆನ್ನುತ್ತದೆ. ಶಾಲೆಯಲ್ಲಿ ಅಷ್ಟು ಜನರಿದ್ದರೆ ಆ ಸಂಖ್ಯೆಯನ್ನೇ ಅಚ್ಚು ಹಾಕಿಸಲಿ. ಆಯಾ ರಜೆ ಹಾಕಿದ ದಿನ ಅವರ ಜಾಗದಲ್ಲಿ ಯಾರಿರುತ್ತಾರೆಂದೂ ಹೇಳಲಿ. 'ಸಿಸಿಟಿವಿ ಇದೆ' ಎಂಬ ಸಾಲಿಗಿಂತ ಮಗುವನ್ನು ಮನೆಗೆ ಕಳಿಸುವ ಕ್ರಮ ಹೆಚ್ಚು ಧೈರ್ಯ ಕೊಡುತ್ತದೆ: 'ನೀವು ಹೆಸರು, ಫೋಟೊ ಕೊಟ್ಟವರ ಕೈಗೆ ಮಾತ್ರ ಮಗುವನ್ನು ಒಪ್ಪಿಸುತ್ತೇವೆ. ಬೇರೆ ಯಾರೇ ಬಂದರೂ, ಸೋದರಮಾವನೇ ಆದರೂ, ನಿಮಗೆ ಫೋನ್ ಮಾಡಿ ಕೇಳದೆ ಕಳಿಸುವುದಿಲ್ಲ.' ಪಾಲಿಸಲಾಗದ ಸಾಲನ್ನು ಮಾತ್ರ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು. ಬೀಗವೇ ಇಲ್ಲದ ಗೇಟನ್ನು ಪೋಷಕರು ಮೊದಲ ಭೇಟಿಯಲ್ಲೇ ಗಮನಿಸುತ್ತಾರೆ.

ಇನ್ನು ಶುಲ್ಕ. 'ವಿವರಗಳಿಗೆ ಸಂಪರ್ಕಿಸಿ' ಎಂದರೆ ದುಬಾರಿಯೇ ಇರಬೇಕೆಂದು ಜನ ಅಂದುಕೊಳ್ಳುತ್ತಾರೆ. ಪ್ರವೇಶಕ್ಕೆ 5,000, ಎರಡು ಕಂತುಗಳಲ್ಲಿ 14,000ದಂತೆ 28,000, ಸಮವಸ್ತ್ರ ಮತ್ತು ಪುಸ್ತಕಕ್ಕೆ 3,500 ರೂಪಾಯಿ ಆಗುವುದಾದರೆ ಮೊದಲ ಸಾಲಿನಲ್ಲೇ 'ವರ್ಷಕ್ಕೆ ಒಟ್ಟು 36,500' ಎಂದು ಬರೆದು ಬಿಡಿಲೆಕ್ಕವನ್ನು ಅದರ ಕೆಳಗೆ ಕೊಡಬೇಕು. ವ್ಯಾನ್ ಮತ್ತು ವಾರ್ಷಿಕೋತ್ಸವದ ಉಡುಪು ಇದರಲ್ಲಿ ಸೇರಿಲ್ಲವೆಂದಾದರೆ ಅದೂ ಅಷ್ಟೇ ದಪ್ಪ ಅಕ್ಷರದಲ್ಲಿರಲಿ. ಒಂದು ತಿಂಗಳಿಗೇ ಮಗುವನ್ನು ಬಿಡಿಸಿದರೆ ಎಷ್ಟು ಹಣ ವಾಪಸು ಬರುತ್ತದೆ ಎಂಬುದನ್ನು ಬಹುತೇಕ ಶಾಲೆಗಳು ಬರೆಯುವುದೇ ಇಲ್ಲ. ನಂತರದ ಜಗಳಗಳು ಹುಟ್ಟುವುದು ಅಲ್ಲೇ.

ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಶಾಲೆಯ ಪರಿಚಯವಿಲ್ಲದ ಒಬ್ಬ ತಾಯಿಗೂ, ಮಗುವನ್ನು ಕರೆದೊಯ್ಯಲು ಬರುವ ಒಬ್ಬ ಅಜ್ಜಿಗೂ ಓದಿಸಬೇಕು. ಮಧ್ಯಾಹ್ನ ಮಗುವನ್ನು ಯಾರು ಕರೆದೊಯ್ಯಬಹುದು, ವರ್ಷಕ್ಕೆ ಎಷ್ಟು ಖರ್ಚು ಎಂದು ಕೇಳಿದಾಗ ಅವರು ತಡವರಿಸಿದರೆ ಆ ಸಾಲನ್ನು ಮತ್ತೆ ಬರೆಯಬೇಕು.