ಸೊಂಟದ ಮೂಳೆ ಕಾಲಿಗೆ

ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದಿದೆ. ರಾಡ್ ಹಾಕಿ ಒಂಬತ್ತು ತಿಂಗಳಾದರೂ ಕೂಡಿಲ್ಲ, ಕಾಲೂರಿದರೆ ನೋವು. ಆಗ ವೈದ್ಯರು ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಸೊಂಟದ ಮೂಳೆಯ ಅಂಚಿನಿಂದ ಸ್ಪಂಜಿನಂಥ ಒಳಮೂಳೆಯನ್ನು ಕೆರೆದು ತೆಗೆದು ಬಿರುಕಿಗೆ ತುಂಬುತ್ತಾರೆ. ರೋಗಿಯದೇ ಆದ ಈ ಮೂಳೆ ಆಟೋಗ್ರಾಫ್ಟ್.

ಅದರ ರಂಧ್ರಗಳು ಬಳ್ಳಿಗೆ ಚಪ್ಪರವಿದ್ದಂತೆ. ಹೊಸ ರಕ್ತನಾಳಗಳೂ ಮೂಳೆಕೋಶಗಳೂ ಅವನ್ನೇ ಹಿಡಿದು ಬೆಳೆಯುತ್ತವೆ. ಇದು ಆಸ್ಟಿಯೋಕಂಡಕ್ಷನ್. ಮೂಳೆಯಲ್ಲಿರುವ ಕೆಲವು ಪ್ರೋಟೀನುಗಳು ಸುತ್ತಲಿನ ಕಾಂಡಕೋಶಗಳನ್ನು ಮೂಳೆ ಕಟ್ಟುವ ಕೋಶಗಳಾಗಿ ಬದಲಿಸುವುದು ಆಸ್ಟಿಯೋಇಂಡಕ್ಷನ್. 1965ರಲ್ಲಿ ಮಾರ್ಷಲ್ ಯುರಿಸ್ಟ್ ಇದನ್ನು ತೋರಿಸಿಕೊಟ್ಟರು: ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ, ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು!

ದಾನಿಯಿಂದ ಬಂದ ಮೂಳೆ ಅಲೋಗ್ರಾಫ್ಟ್. ಸೋಂಕು ತಗಲದಂತೆ ಶುದ್ಧೀಕರಿಸುವಾಗ ಅದರ ಜೀವಕೋಶಗಳು ಹೋಗುತ್ತವೆ, ಪ್ರೋಟೀನುಗಳ ಶಕ್ತಿಯೂ ಕುಗ್ಗುತ್ತದೆ, ಚಪ್ಪರ ಉಳಿಯುತ್ತದೆ. ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಹರಳುಗಳೂ ಬಹುಮಟ್ಟಿಗೆ ಇಷ್ಟೇ. ದೊಡ್ಡ ಗುಂಡಿ ತುಂಬಲು ಇವು ಸಾಕು. ಆದರೆ ಕೂಡಲೊಲ್ಲದ ಮುರಿತಕ್ಕೆ ಸ್ವಂತ ಮೂಳೆಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಸೊಂಟ ತಿಂಗಳುಗಟ್ಟಲೆ ನೋಯಬಹುದಾದರೂ.

ಮುರಿತ ಅಲುಗಾಡುತ್ತಿದ್ದರೆ, ರೋಗಿ ಸಿಗರೇಟು ಬಿಡದಿದ್ದರೆ ಯಾವ ಗ್ರಾಫ್ಟೂ ಸೋಲಬಹುದು. ಎದುರಿನಿಂದ, ಪಕ್ಕದಿಂದ ತೆಗೆದ ಎಕ್ಸ್‌ರೇಗಳಲ್ಲಿ ಕಾಣುವ ನಾಲ್ಕು ಅಂಚುಗಳ ಪೈಕಿ ಮೂರರಲ್ಲಾದರೂ ಮೂಳೆ ಬೆಸೆದಿದ್ದು, ಕಾಲೂರಿದಾಗ ನೋವಿಲ್ಲದಿದ್ದರೆ ಕೂಡಿದೆ ಎನ್ನುತ್ತಾರೆ.