ಹೊರಡುವ ದಿನದ ಇಮೇಲ್

ಕೋಲ್ಕತ್ತಾದಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಆಶಿ’ ಎನ್ನುತ್ತಾರೆ. ಅಂದರೆ ‘ಬರುತ್ತೇನೆ’. ನಮ್ಮ ‘ಹೋಗಿಬರ್ತೀನಿ’ಯ ಬಂಗಾಳಿ ತಂಗಿ ಅದು. ಅಲಿಪುರದ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ದುಡಿದು ಬೆಂಗಳೂರಿಗೆ ಹೊರಟಾಗ, ನನ್ನ ಕೊನೆಯ ಇಮೇಲ್‌ನಲ್ಲೂ ಈ ದನಿಯೇ ಇರಲಿ ಎನ್ನಿಸಿತು.

ಕಚೇರಿಯ ಖಾತೆ ಸಂಜೆ ಆರಕ್ಕೆ ಮುಚ್ಚುವುದಿತ್ತು. ಹಾಗಾಗಿ ಮೂರೂವರೆಗೇ ಕಳಿಸಿದೆ. ಬಾಗಿಲು ದಾಟುವಾಗ ಕಳಿಸಿದರೆ, ಬರುವ ಉತ್ತರಗಳನ್ನು ಓದಲು ನಾವೇ ಇರುವುದಿಲ್ಲ. ಎಲ್ಲರ ವಿಳಾಸಗಳನ್ನೂ ಬಿಸಿಸಿಯಲ್ಲಿ ಹಾಕಿದೆ. ಆಗ ಯಾರು ಉತ್ತರಿಸಿದರೂ ಅದು ನನಗಷ್ಟೇ ಬರುತ್ತದೆ, ಉಳಿದವರ ಇನ್‌ಬಾಕ್ಸ್ ‘ಆಲ್ ದಿ ಬೆಸ್ಟ್’ಗಳಿಂದ ತುಂಬುವುದಿಲ್ಲ. ಬರೆದದ್ದು ಇಷ್ಟು:

“ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷಗಳ ಬಳಿಕ ಇಂದು ಇಲ್ಲಿಂದ ಹೊರಡುತ್ತಿದ್ದೇನೆ. ಮಾರ್ಚ್ ತಿಂಗಳ ಲೆಕ್ಕ ಮುಗಿಯುವ ತನಕ ರಾತ್ರಿಯೆಲ್ಲ ಜೊತೆಗೆ ಕೂತ ಅಕೌಂಟ್ಸ್ ವಿಭಾಗಕ್ಕೂ, ನನ್ನ ಮುರುಕು ಬಂಗಾಳಿಯನ್ನು ನಗದೆ ತಿದ್ದಿದ ಎರಡನೇ ಮಹಡಿಯವರಿಗೂ ನಾನು ಋಣಿ. ಬಾಕಿ ಕೆಲಸಗಳ ಪಟ್ಟಿ ನಮ್ಮ ಮ್ಯಾನೇಜರ್ ಬಳಿ ಇದೆ. ಬೆಂಗಳೂರಿಗೆ ಬಂದರೆ ತಿಳಿಸಿ, ನನ್ನ ಸ್ವಂತ ಇಮೇಲ್ ಕೆಳಗಿದೆ. ಆಶಿ.”

‘ಎಲ್ಲರ ಸಹಕಾರಕ್ಕೆ ಧನ್ಯವಾದ’ ಎಂದರೆ ಯಾರಿಗೂ ತಟ್ಟುವುದಿಲ್ಲ. ಯಾವ ಕೆಲಸಕ್ಕೆ, ಯಾರಿಗೆ ಎಂದು ಹೇಳಿದರೆ ಓದಿದವರಿಗೆ ‘ಇದು ನನಗೇ’ ಅನ್ನಿಸುತ್ತದೆ. ಹಾಗೆಂದು ಇಪ್ಪತ್ತು ಹೆಸರು ಬರೆದರೆ ಇಪ್ಪತ್ತೊಂದನೆಯವರಿಗೆ ನೋವು. ಆದ್ದರಿಂದ ದೊಡ್ಡ ಪತ್ರದಲ್ಲಿ ವಿಭಾಗಗಳನ್ನಷ್ಟೇ ನೆನೆದೆ. ಕೆಲಸ ಕಲಿಸಿದ ನಾಲ್ವರಿಗೆ ಬೇರೆ ಬೇರೆಯಾಗಿ ಎರಡೆರಡು ಸಾಲು ಬರೆದೆ. ಕೆಲಸ ಬಿಡುವ ಕಾರಣ, ಹೊಸ ಹುದ್ದೆ, ಹಳೆಯ ಮುನಿಸು ಯಾವುದನ್ನೂ ಎತ್ತಲಿಲ್ಲ. ಅಂಥ ಪತ್ರವನ್ನು ಯಾರು ಯಾರಿಗೆ ಫಾರ್ವರ್ಡ್ ಮಾಡುತ್ತಾರೋ ಹೇಳಲಾಗದು.

ಫೋನ್ ನಂಬರನ್ನು ಆ ನಾಲ್ವರಿಗೆ ಮಾತ್ರ ಕೊಟ್ಟೆ. ನೂರಾರು ಜನರಿಗೆ ಹೋಗುವ ಪತ್ರದಲ್ಲಿ ಇಮೇಲ್ ವಿಳಾಸ ಸಾಕು. ಬೇಕಾದವರು ಬರೆಯುತ್ತಾರೆ, ಬೇಡದವರಿಗೆ ಮುಜುಗರವಿಲ್ಲ. ಆ ವಿಳಾಸಕ್ಕೆ ಮೊದಲು ನಾನೇ ಒಂದು ಪತ್ರ ಕಳಿಸಿ, ತಲುಪಿತೇ ಎಂದು ನೋಡಿಕೊಂಡೆ. ಒಂದು ಅಕ್ಷರ ತಪ್ಪಿದರೂ ಆರು ಗಂಟೆಯ ನಂತರ ತಿದ್ದುಪಡಿ ಕಳಿಸಲು ದಾರಿಯಿಲ್ಲ. ಪತ್ರದ ಅಡಿಯಲ್ಲಿ ತಾನಾಗಿ ಬರುವ ಹುದ್ದೆ, ಕಚೇರಿ ಫೋನ್ ಅಳಿಸಿದೆ. ಗ್ರಾಹಕರನ್ನು ಈ ಪಟ್ಟಿಗೆ ಸೇರಿಸಲಿಲ್ಲ. ಅವರ ಕೈಗೆ ಸ್ವಂತ ವಿಳಾಸ ಕೊಟ್ಟರೆ, ವ್ಯಾಪಾರವನ್ನು ಜೊತೆಗೆ ಒಯ್ಯುತ್ತಿದ್ದಾರೆ ಎಂಬ ಅರ್ಥ ಬರುತ್ತದೆ. ನನ್ನ ಜಾಗಕ್ಕೆ ಬರುವವರನ್ನು ಅವರಿಗೆ ಪರಿಚಯಿಸುವ ಪತ್ರ ಮ್ಯಾನೇಜರ್ ಕಡೆಯಿಂದಲೇ ಹೋಯಿತು.

ಇನ್ನು ಗೇಟಿನ ಕಾವಲುಗಾರರು, ಮಹಡಿ ಗುಡಿಸುವ ದಿದಿ, ಮಣ್ಣಿನ ಭಾಂಡದಲ್ಲಿ ಚಹಾ ಕೊಡುವ ದಾದಾ. ಇವರಿಗೆ ಕಚೇರಿಯ ಇಮೇಲ್ ಇಲ್ಲ. ಪತ್ರ ಕಳಿಸಿ ಉಳಿದ ಎರಡೂವರೆ ಗಂಟೆಯಲ್ಲಿ ಅವರೊಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಬಾಯಲ್ಲೇ ಹೇಳಿದೆ.