ಕೊನೆಗೆ ಇಳಿಯುವ ಪ್ರಶ್ನೆ

ಕನ್ನಡದಲ್ಲಿ ಪ್ರಶ್ನೆ ಕೇಳುವುದು ಸುಲಭ. ‘ಊಟ ಆಯ್ತು’ ಎಂಬುದರ ಬಾಲ ಎಳೆದು ‘ಊಟ ಆಯ್ತಾ’ ಎಂದರೆ ಮುಗಿಯಿತು. ಕೇಳುವವರ ಗಂಟಲು ಕಟ್ಟಿ ದನಿಯೇ ಏಳದಿದ್ದರೂ ಆ ‘ಆ’ ಕಿವಿಗೆ ಬಿದ್ದರೆ ಸಾಕು, ಉತ್ತರ ಕೊಡಬೇಕೆಂದು ಗೊತ್ತಾಗುತ್ತದೆ. ಹಂಗೇರಿಯವರಿಗೆ ಮಾತಿನಲ್ಲಿ ಇಷ್ಟು ಸಲೀಸಲ್ಲ. ‘ಯಾನೋಶ್ ಹಜಮೆಂತ್’ ಅಂದರೆ ‘ಯಾನೋಶ್ ಮನೆಗೆ ಹೋದ’. (‘ಜ’ವನ್ನು ‘ಜೀಬ್ರಾ’ದಲ್ಲಿ ಹೇಳುವ ಹಾಗೆ ಹೇಳಿ.) ‘ಯಾನೋಶ್ ಮನೆಗೆ ಹೋದನಾ?’ ಎಂದು ಕೇಳಬೇಕಾದರೂ ಅವೇ ಎರಡು ಪದ, ಅದೇ ಕ್ರಮ. ಬದಲಾಗುವುದು ದನಿಯ ಏರಿಳಿತ ಮಾತ್ರ.

ಇಷ್ಟು ಕೇಳಿದವರು ‘ಓ, ಪ್ರಶ್ನೆಯಾದರೆ ಕೊನೆಗೆ ದನಿ ಏರಿಸುತ್ತಾರೆ’ ಎಂದುಕೊಳ್ಳುತ್ತಾರೆ. ಇಂಗ್ಲಿಷ್ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದೂ ಅದನ್ನೇ. ಆದರೆ ಈ ಹಂಗೇರಿಯನ್ ಪ್ರಶ್ನೆ ಕೊನೆಗೆ ಏರುವುದಿಲ್ಲ, ಇಳಿಯುತ್ತದೆ. ಹೇಳಿಕೆಯೂ ಇಳಿದೇ ಮುಗಿಯುತ್ತದೆ. ಕೊನೆಯ ತುಣುಕನ್ನಷ್ಟೇ ಕತ್ತರಿಸಿ ಕೇಳಿದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕ್ರಿಯಾಪದವನ್ನು ಮೂರು ತುಂಡು ಮಾಡೋಣ: ಹ, ಜ, ಮೆಂತ್. ಹಂಗೇರಿಯನ್ನಿನಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ, ಅಂದರೆ ‘ಹ’ದ ಮೇಲೆ. ಹೇಳಿಕೆಯಲ್ಲಿ ದನಿ ಆ ‘ಹ’ದಲ್ಲಿ ಎತ್ತರದಲ್ಲಿದ್ದು ಅಲ್ಲಿಂದ ಇಳಿಯುತ್ತದೆ. ಪ್ರಶ್ನೆಯಲ್ಲಿ ‘ಹ’ ತಗ್ಗಿನಲ್ಲಿರುತ್ತದೆ, ‘ಜ’ದಲ್ಲಿ ದನಿ ಮೇಲಕ್ಕೆ ಏಳುತ್ತದೆ, ‘ಮೆಂತ್’ನಲ್ಲಿ ಧೊಪ್ಪೆಂದು ಬೀಳುತ್ತದೆ. ಎರಡರಲ್ಲೂ ಒಂದು ಗುಡ್ಡವಿದೆ. ಅದು ಒಂದು ಅಕ್ಷರದಷ್ಟು ಮುಂದೆ ಸರಿದಾಗ ಹೇಳಿಕೆ ಹೋಗಿ ಪ್ರಶ್ನೆ ಬಂದಿದೆ.

ಇದನ್ನು ಕಣ್ಣಿನಿಂದಲೂ ನೋಡಬಹುದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶಕ್ಕೆ ಧ್ವನಿಮುದ್ರಣ ಕೊಟ್ಟರೆ, ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿವೆ ಎಂಬುದರ ಗೆರೆ ಎಳೆದು ತೋರಿಸುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ 200ರ ಆಸುಪಾಸು. ಆದರೆ ಗೆರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ‘ತ್’ನಂಥ ವ್ಯಂಜನ ಹೇಳುವಾಗ ಧ್ವನಿತಂತುಗಳು ಕಂಪಿಸುವುದೇ ಇಲ್ಲ, ಅಲ್ಲಿ ಗೆರೆ ತುಂಡಾಗುತ್ತದೆ. ವಾಕ್ಯದ ಕೊನೆಗೆ ಕೆಲವರ ದನಿ ಗೊರಗುಟ್ಟುತ್ತದೆ. ಆಗ ಲೆಕ್ಕ ತಪ್ಪಿದ ತಂತ್ರಾಂಶ ಗೆರೆಯನ್ನು ಇದ್ದಕ್ಕಿದ್ದಂತೆ ನೇರ ಅರ್ಧಕ್ಕೋ ದುಪ್ಪಟ್ಟಿಗೋ ಜಿಗಿಸುತ್ತದೆ. 180ರಲ್ಲಿದ್ದ ಗೆರೆ ಸರಕ್ಕನೆ 90ಕ್ಕೆ ಇಳಿದಿದ್ದರೆ ಮಾತಾಡಿದವರು ಇಳಿಸಿದ್ದಾರೆಂದು ಬರೆದುಕೊಳ್ಳುವ ಮೊದಲು ಒಮ್ಮೆ ಕಿವಿಕೊಟ್ಟು ಕೇಳಬೇಕು. ಗಂಡು ದನಿಗೆ 75ರಿಂದ 300, ಹೆಣ್ಣು ದನಿಗೆ 100ರಿಂದ 500 ಎಂದು ಮೊದಲೇ ಮಿತಿ ಹಾಕಿಕೊಂಡರೆ ಇಂಥ ಜಿಗಿತಗಳು ಬಹಳಷ್ಟು ಕಡಿಮೆಯಾಗುತ್ತವೆ.

ಗೆರೆ ಸಿಕ್ಕಿತು, ಅದನ್ನು ಓದುವುದು ಹೇಗೆ? ಇಡೀ ಗೆರೆಯನ್ನು ಒಂದೇ ರಾಗವೆಂದು ನೋಡದೆ ಕೆಲವೇ ಬಿಂದುಗಳಾಗಿ ಬಿಡಿಸುವ ದಾರಿಯನ್ನು 1980ರಲ್ಲಿ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಜಾನೆಟ್ ಪಿಯರ್‌ಹಂಬರ್ಟ್ ಇಂಗ್ಲಿಷಿಗೆ ತೋರಿಸಿಕೊಟ್ಟರು. ಬಿಂದುಗಳಲ್ಲಿರುವುದು ಎರಡೇ ಮಟ್ಟ, ಎತ್ತರ ಮತ್ತು ತಗ್ಗು. ಕೆಲವು ಬಿಂದುಗಳು ಒತ್ತು ಬಿದ್ದ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಅವನ್ನು ಒತ್ತುಶ್ರುತಿ ಎನ್ನೋಣ, ಬರೆಯುವಾಗ H* ಅಥವಾ L* ಎಂದು ನಕ್ಷತ್ರ ಹಾಕುತ್ತಾರೆ. ಇನ್ನು ಕೆಲವಕ್ಕೆ ಪದಗಳ ಗೊಡವೆಯಿಲ್ಲ, ಅವು ವಾಕ್ಯದ ಅಂಚಿಗೆ ಸೇರಿದವು. ಅವು ಅಂಚುಶ್ರುತಿ, ಗುರುತು H% ಅಥವಾ L%. ಬಿಂದುವಿನಿಂದ ಬಿಂದುವಿಗೆ ದನಿ ತಾನಾಗಿ ಹರಿಯುತ್ತದೆ, ಸೀರೆಯಂಚಿಗೆ ಅಲ್ಲಲ್ಲಿ ಪಿನ್ನು ಚುಚ್ಚಿ ಜೋತುಬಿಟ್ಟ ಹಾಗೆ.

ಈಗ ಹಂಗೇರಿಯನ್ ಗುಡ್ಡಕ್ಕೆ ಬರೋಣ. ಅದು ಒತ್ತಿಗೆ ಸೇರಿದ್ದೋ, ಅಂಚಿಗೋ? ಇದನ್ನು ಪರೀಕ್ಷಿಸುವ ಉಪಾಯವನ್ನು ಭಾಷೆಯೇ ಒದಗಿಸಿದೆ. ‘ಹೋದದ್ದು ಯಾನೋಶನೇನಾ?’ ಎಂದು ಹೆಸರಿಗೇ ಒತ್ತು ಕೊಟ್ಟು ಕೇಳುವಾಗ ಹಂಗೇರಿಯನ್ನರು ಪದಗಳನ್ನು ಹಿಂದೆಮುಂದೆ ಮಾಡಿ ‘ಯಾನೋಶ್ ಮೆಂತ್ ಹಜ’ ಎನ್ನುತ್ತಾರೆ. ಈಗ ಒತ್ತೆಲ್ಲ ‘ಯಾ’ದ ಮೇಲೆ, ಮುಂದಿನ ಪದಗಳು ಚಪ್ಪಟೆ. ಗುಡ್ಡ ಒತ್ತಿಗೆ ಸೇರಿದ್ದಾಗಿದ್ದರೆ ಅದು ‘ಯಾ’ದ ಬಳಿಗೇ ಬರಬೇಕಿತ್ತು. ಬರುವುದಿಲ್ಲ. ದನಿ ‘ಯಾ’ದಲ್ಲಿ ತಗ್ಗಿ, ‘ನೋಶ್ ಮೆಂತ್’ ಉದ್ದಕ್ಕೂ ತಗ್ಗಿನಲ್ಲೇ ನಡೆದು, ‘ಹ’ದಲ್ಲಿ ಏರಿ, ‘ಜ’ದಲ್ಲಿ ಬೀಳುತ್ತದೆ. ಈ ವಾಕ್ಯದಲ್ಲಿ ‘ಹ’ಕ್ಕೆ ಯಾವ ಮಹತ್ವವೂ ಇಲ್ಲ, ಕೊನೆಯಿಂದ ಎರಡನೆಯ ಅಕ್ಷರ ಎಂಬುದನ್ನು ಬಿಟ್ಟು. ಹಿಂದಿನ ವಾಕ್ಯದಲ್ಲಿ ‘ಜ’ ಇದ್ದದ್ದೂ ಅದೇ ಜಾಗದಲ್ಲಿ. ಅಂದರೆ ಗುಡ್ಡದ ಗಂಟು ಬಿದ್ದಿರುವುದು ಅಂಚಿನ ಜೊತೆಗೆ. 2000ದಲ್ಲಿ ಮಾರ್ಟೀನ್ ಗ್ರೈಸ್, ರಾಬರ್ಟ್ ಲ್ಯಾಡ್ ಮತ್ತು ಅಮಾಲಿಯಾ ಆರ್ವಾನಿಟಿ ಇಂಥ ಪ್ರಶ್ನೆಯ ಧಾಟಿಯನ್ನು ಹಂಗೇರಿಯನ್, ಗ್ರೀಕ್, ರುಮೇನಿಯನ್ ಮೊದಲಾದ ಭಾಷೆಗಳಲ್ಲಿ ಒಟ್ಟಿಗೆ ಇಟ್ಟು ನೋಡಿ, ಎಲ್ಲವನ್ನೂ ಒಂದೇ ಸೂತ್ರಕ್ಕೆ ತಂದರು: L* H- L%. ಒತ್ತಿನಲ್ಲಿ ತಗ್ಗು, ಅಂಚಿಗೆ ಮುನ್ನ ಎತ್ತರ, ಅಂಚಿನಲ್ಲಿ ಮತ್ತೆ ತಗ್ಗು. ಅವು ಒಂದೇ ಕುಟುಂಬದ ಭಾಷೆಗಳೂ ಅಲ್ಲ, ನೆರೆಹೊರೆಯವು.

ಹಾಗಾದರೆ ಇಡೀ ವಾಕ್ಯವೇ ಒಂದು ಅಕ್ಷರವಾದರೆ? ‘ಶೋರ್’ ಅಂದರೆ ಬಿಯರ್. ಹೋಟೆಲಿನಲ್ಲಿ ‘ಬಿಯರಾ?’ ಎಂದು ಕೇಳುವಾಗ ತಗ್ಗು, ಎತ್ತರ, ತಗ್ಗು ಮೂರಕ್ಕೂ ಇರುವ ಜಾಗ ಒಂದೇ ಅಕ್ಷರ. ಇಂಗ್ಲಿಷಿನವರಾದರೆ ಅಷ್ಟನ್ನೂ ಅದರೊಳಕ್ಕೆ ತುರುಕುತ್ತಾರೆ. ಹಂಗೇರಿಯನ್ನರು ಕೊನೆಯ ಇಳಿತವನ್ನು ಕತ್ತರಿಸಿ ಬಿಡುತ್ತಾರೆ, ಏರು ಮಾತ್ರ ಕೇಳಿಸುತ್ತದೆ. ಇಂಥ ಚಿಕ್ಕ ವಾಕ್ಯಗಳನ್ನಷ್ಟೇ ಮುದ್ರಿಸಿಕೊಂಡು ಹೋದವರು ಹಂಗೇರಿಯನ್ ಪ್ರಶ್ನೆ ಏರಿ ಮುಗಿಯುತ್ತದೆ ಎಂದು ತಪ್ಪಾಗಿ ಬರೆದುಕೊಳ್ಳುವುದು ಖಂಡಿತ. ಧಾಟಿಯ ಪೂರ್ತಿ ರೂಪ ಕಾಣಬೇಕಾದರೆ ಒತ್ತಿನ ಅಕ್ಷರ ಸೇರಿ ಕಡೇಪಕ್ಷ ಮೂರು ಅಕ್ಷರದ ಜಾಗ ಬೇಕು.

ಅಂದಹಾಗೆ ಹಂಗೇರಿಯನ್ನಿನಲ್ಲೂ ಒಂದು ಪ್ರಶ್ನೆಯ ಬಾಲವಿದೆ. ಅದು ‘ಎ’. ‘ಹಜಮೆಂತ್-ಎ ಯಾನೋಶ್’ ಎಂದರೆ ‘ಹೋದನೇ’ ಎಂದ ಹಾಗೆ. ನಮ್ಮ ‘ಏ’ಯನ್ನು ನೆನಪಿಸುವ ಈ ಹೋಲಿಕೆ ಕಾಕತಾಳೀಯವೆಂದೇ ನಾನು ತಿಳಿದಿದ್ದೇನೆ. ಆದರೆ ಅದನ್ನು ಬಳಸಿದಾಗ ಏನಾಗುತ್ತದೆ ನೋಡಿ: ಗುಡ್ಡ ಮಾಯ, ದನಿ ಹೇಳಿಕೆಯಂತೆ ಇಳಿಯುತ್ತದೆ. ‘ಕಿ’, ಅಂದರೆ ‘ಯಾರು’, ಎಂದು ಶುರುವಾಗುವ ಪ್ರಶ್ನೆಯೂ ‘ಕಿ’ಯಿಂದಲೇ ಇಳಿಯತೊಡಗುತ್ತದೆ. ಪ್ರಶ್ನೆಯ ಗುರುತನ್ನು ಪದವೇ ಹೊತ್ತುಕೊಂಡರೆ ದನಿಗೆ ಬಿಡುವು.

ಏರಿದರೆ ಪ್ರಶ್ನೆ ಎಂಬ ನಂಬಿಕೆ ಪೂರ್ತಿ ಸುಳ್ಳೇ ಎಂದರೆ ಅದೂ ಅಲ್ಲ. ಕಾರ್ಲೋಸ್ ಖುಸೆನ್‌ಹೋವನ್ ಮತ್ತು ಆವ್‌ಜೂ ಚೆನ್ ಡಚ್, ಹಂಗೇರಿಯನ್ ಮತ್ತು ಚೀನೀ ಭಾಷಿಕರಿಗೆ ಕಟ್ಟುಕಥೆಯ ಭಾಷೆಯೊಂದನ್ನು ಕೇಳಿಸಿದರು. ಪದಗಳು ಅವರಿಗೆ ಅರ್ಥವಾಗುವಂತೆಯೇ ಇರಲಿಲ್ಲ, ಏರಿಳಿತವನ್ನು ಮಾತ್ರ ಬದಲಿಸುತ್ತಿದ್ದರು. ಇದರಲ್ಲಿ ಪ್ರಶ್ನೆ ಯಾವುದು ಹೇಳಿ ಎಂದಾಗ ಮೂರೂ ಗುಂಪಿನವರು ಗುಡ್ಡ ಎತ್ತರವಿದ್ದುದನ್ನು, ತಡವಾಗಿ ಬಂದುದನ್ನು, ಕೊನೆ ಮೇಲಿದ್ದುದನ್ನು ಪ್ರಶ್ನೆಯ ಕಡೆಗೆ ಹಾಕಿದರು. ಹಂಗೇರಿಯನ್ನರೂ ಅಷ್ಟೇ. ಮನೆಯಲ್ಲಿ ದಿನವೂ ದನಿ ಇಳಿಸಿ ಪ್ರಶ್ನೆ ಮುಗಿಸುವವರು, ಗೊತ್ತಿಲ್ಲದ ಭಾಷೆಯೆಂದಾಗ ಏರಿ ನಿಂತ ಕೊನೆಗೇ ವೋಟು ಹಾಕಿದರು.